ದಿನವೊಂದಕ್ಕೆ ಎಷ್ಟು? ಮೊಬೈಲ್ ಪ್ಲಾನ್ ಹೋಲಿಕೆಯ ಒಂದು ಪಾಠ

ಏಳನೆಯ ತರಗತಿಯಲ್ಲಿ ‘ಒಂದರ ಬೆಲೆ’ ಕಂಡುಹಿಡಿಯುವುದನ್ನು ಕಲಿಸಲು ಪೆನ್ಸಿಲ್, ಬಾಳೆಹಣ್ಣುಗಳ ಲೆಕ್ಕಗಳೇ ಸಾಮಾನ್ಯ. ಮೊಬೈಲ್ ರೀಚಾರ್ಜ್ ಪ್ಲಾನ್ ತೆಗೆದುಕೊಂಡರೆ ಅದೇ ಗಣಿತದ ಜೊತೆಗೆ ಭಾಷೆಯ ಕೆಲಸವೂ ಸೇರುತ್ತದೆ. ಷರತ್ತನ್ನು ಸರಿಯಾಗಿ ಓದದೆ ಭಾಗಾಕಾರ ಮಾಡಿದರೆ ಉತ್ತರ ತಪ್ಪುತ್ತದೆ.

ಪಾಠಕ್ಕಾಗಿ ರಚಿಸಿಕೊಂಡ ಎರಡು ಪ್ಲಾನ್‌ಗಳು ಇವು. ಕಪ್ಪುಹಲಗೆಯ ಮೇಲೆ ಹೀಗೆ ಬರೆಯಿರಿ:

ಪ್ಲಾನ್ ಅ: ₹308. ವ್ಯಾಲಿಡಿಟಿ 28 ದಿನ. ಡಾಟಾ ದಿನಕ್ಕೆ 1 ಜಿಬಿ; ಆ ಬಳಿಕ ವೇಗ 64 ಕೆಬಿಪಿಎಸ್.
ಪ್ಲಾನ್ ಆ: ₹315. ವ್ಯಾಲಿಡಿಟಿ 30 ದಿನ. ಡಾಟಾ ಒಟ್ಟು 25 ಜಿಬಿ.
ಎರಡರಲ್ಲೂ ಕರೆಗಳು ಅನ್‌ಲಿಮಿಟೆಡ್.

ಮೊದಲು ಅನುವಾದ

‘ವ್ಯಾಲಿಡಿಟಿ’ಗೆ ನಿಘಂಟಿನ ಪ್ರಕಾರ ‘ಸಿಂಧುತ್ವ’ ಎಂದು ಬರೆಸಿದರೆ ಮಕ್ಕಳಿಗೆ ಒಂದು ಕಷ್ಟದ ಪದದ ಬದಲು ಇನ್ನೊಂದು ಸಿಕ್ಕಂತಾಗುತ್ತದೆ. ಇಲ್ಲಿ ಪದಕ್ಕೆ ಪದ ಬೇಡ. ಲೆಕ್ಕ ಹಾಕಲು ಬರುವಂಥ ವಾಕ್ಯ ಬೇಕು. ‘₹308 ಕೊಟ್ಟರೆ ಈ ಪ್ಲಾನ್ 28 ದಿನ ನಡೆಯುತ್ತದೆ’ ಎಂದು ಬರೆದ ವಿದ್ಯಾರ್ಥಿಗೆ ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬುದು ವಾಕ್ಯದಲ್ಲೇ ಕಾಣುತ್ತದೆ. 28 ದಿನವನ್ನು ‘ಒಂದು ತಿಂಗಳು’ ಎಂದು ಬರೆದವರನ್ನು ಅಲ್ಲೇ ತಡೆಯಿರಿ. 28 × 13 = 364. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಪ್ರತಿ ಕಂಪನಿಯೂ 30 ದಿನಗಳ ಒಂದು ಪ್ಲಾನನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರಲ್ಲಿ ಆದೇಶಿಸಿತು.

‘ಆ ಬಳಿಕ ವೇಗ 64 ಕೆಬಿಪಿಎಸ್’ ಎಂಬುದನ್ನು ಮಕ್ಕಳು ‘ನೆಟ್ ಇರುತ್ತದೆ’ ಎಂದಷ್ಟೇ ಓದುತ್ತಾರೆ. ಇದು ಸೆಕೆಂಡಿಗೆ 64 ಕಿಲೋಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ ಬರುವುದು 8 ಕಿಲೋಬೈಟ್. 1 ಎಂಬಿ ಎಂದರೆ ಸುಮಾರು 1000 ಕಿಲೋಬೈಟ್. ಅದಕ್ಕೆ 125 ಸೆಕೆಂಡು, ಎರಡು ನಿಮಿಷಕ್ಕೂ ಹೆಚ್ಚು ಬೇಕು. 5 ಎಂಬಿಯ ಒಂದು ಫೋಟೊ ಇಳಿಯಲು ಹತ್ತು ನಿಮಿಷ ದಾಟುತ್ತದೆ. ಹಾಗಾಗಿ ‘1 ಜಿಬಿ ಮುಗಿದ ಮೇಲೆ ಅಂದು ವಿಡಿಯೊ ನೋಡಲಾಗದು’ ಎಂಬುದೇ ಸರಿಯಾದ ಅನುವಾದ.

ನಂತರ ಭಾಗಾಕಾರ

ಬೆಲೆ ಮಾತ್ರ ನೋಡಿದವರು ‘ಅ ₹7 ಕಡಿಮೆ’ ಎನ್ನುತ್ತಾರೆ. ದಿನದ ಲೆಕ್ಕ ಹೀಗಿದೆ:

308 ÷ 28 = ₹11
315 ÷ 30 = ₹10.50

ದಿನಕ್ಕೆ 50 ಪೈಸೆಯಂತೆ ಆ ಅಗ್ಗ. 365 ದಿನಕ್ಕೆ ವ್ಯತ್ಯಾಸ ₹182.50.

ಕೆಲವರು 28 ÷ 308 ಎಂದು ತಿರುಗಿಸಿ ಭಾಗಿಸುತ್ತಾರೆ. ‘ತಪ್ಪು’ ಎನ್ನುವ ಬದಲು ‘ಈ 0.09 ಏನು? ರೂಪಾಯಿಯೋ ದಿನವೋ?’ ಎಂದು ಕೇಳಿ. ಅದು ಒಂದು ರೂಪಾಯಿಗೆ ಸಿಗುವ ದಿನ ಎಂದು ಅವರೇ ಕಂಡುಕೊಳ್ಳುತ್ತಾರೆ. ಪ್ರತಿ ಉತ್ತರದ ಪಕ್ಕದಲ್ಲೂ ‘ದಿನಕ್ಕೆ ರೂಪಾಯಿ’ ಎಂದು ಬರೆಸುವುದು ಇದಕ್ಕಾಗಿಯೇ.

ಭಾಜಕ ಬದಲಾಗುವ ಜಾಗ

ಅಭ್ಯಾಸ ಬೋಧನೆಯಲ್ಲಿ ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ದಿನದ ಬೆಲೆಯ ಹೋಲಿಕೆ ಸರಿಯಾಗುವುದು ಎರಡೂ ಪ್ಲಾನ್ ಒಂದೇ ಸೌಲಭ್ಯ ಕೊಟ್ಟಾಗ ಮಾತ್ರ. ಇಲ್ಲಿ ಡಾಟಾ ಬೇರೆ ಬೇರೆ ರೀತಿಯದು. ಎರಡು ಮನೆಗಳನ್ನು ಮುಂದಿಡಿ.

ಮೊದಲ ಮನೆಯಲ್ಲಿ ಪ್ರತಿದಿನ 1 ಜಿಬಿ ಬೇಕು. ಆ ಪ್ಲಾನಿನ 25 ಜಿಬಿ 25 ದಿನಕ್ಕೇ ಮುಗಿಯುತ್ತದೆ. ಕರೆ ಉಳಿದರೂ ಉಳಿದ 5 ದಿನ ಡಾಟಾ ಇಲ್ಲ. ಈ ಮನೆಗೆ ಡಾಟಾ ನಿಜವಾಗಿ ನಡೆದದ್ದು 25 ದಿನ. 315 ÷ 25 = ₹12.60. ಈಗ ₹11ರ ಅ ಪ್ಲಾನೇ ಅಗ್ಗ.

ಎರಡನೆಯ ಮನೆಯಲ್ಲಿ ವಾರದ ದಿನ ಅರ್ಧ ಜಿಬಿ, ಭಾನುವಾರ 2 ಜಿಬಿ ಬೇಕು. 30 ದಿನದಲ್ಲಿ ಐದು ಭಾನುವಾರ ಬಂದರೂ 25 × 0.5 + 5 × 2 = 22.5 ಜಿಬಿ ಸಾಕು. ಆ ಪ್ಲಾನ್ ಪೂರ್ತಿ 30 ದಿನ ನಡೆಯುತ್ತದೆ, ದಿನಕ್ಕೆ ₹10.50. ಅ ಪ್ಲಾನಿನಲ್ಲಾದರೆ ವಾರದ ದಿನ ಉಳಿದ ಅರ್ಧ ಜಿಬಿ ಮರುದಿನಕ್ಕೆ ಬರುವುದಿಲ್ಲ; ಭಾನುವಾರ 1 ಜಿಬಿಗೇ ವೇಗ ಇಳಿಯುತ್ತದೆ.

ಒಂದೇ ಭಾಗಾಕಾರ, ಎರಡು ಮನೆಗೆ ಎರಡು ಉತ್ತರ. ಮೌಲ್ಯಮಾಪನದಲ್ಲಿ ‘ಯಾವುದು ಅಗ್ಗ?’ ಎಂದು ಕೇಳಿದರೆ ಇದು ತಿಳಿಯದು. ‘ದಿನಕ್ಕೆ 0.8 ಜಿಬಿ ಬಳಸುವ ಮನೆಗೆ ಯಾವುದನ್ನು ಹೇಳುತ್ತೀರಿ? ಎಷ್ಟರಿಂದ ಭಾಗಿಸಿದಿರಿ, ಏಕೆ?’ ಎಂದು ಕೇಳಿ. 0.8 × 30 = 24 ಜಿಬಿ, 25ರೊಳಗೇ ಇದೆ; ಆದ್ದರಿಂದ ಭಾಜಕ 30 ಎಂದು ಬರೆದವರು ಷರತ್ತನ್ನೂ ಲೆಕ್ಕವನ್ನೂ ಓದಿದ್ದಾರೆ.