ಅದೇ ಪ್ರಶ್ನೆ, ಎರಡನೇ ಸಲ

ಒಂದೇ ಪ್ರಶ್ನಾವಳಿಯನ್ನು ಅದೇ ಜನರಿಗೆ ಎರಡು ಸಲ ಕೊಟ್ಟು, ಎರಡೂ ಸಲದ ಅಂಕಗಳು ಎಷ್ಟು ಹೊಂದುತ್ತವೆ ಎಂದು ನೋಡುವುದೇ ಮರುಪರೀಕ್ಷಾ ವಿಶ್ವಾಸಾರ್ಹತೆ. ಈ ನಡುವೆ ಆ ಜನರ ಸ್ಥಿತಿ ಬದಲಾಗಿಲ್ಲ ಎಂಬ ಊಹೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಊಹೆ ತಪ್ಪಿದರೆ, ನಿಜವಾದ ಬದಲಾವಣೆಯೂ ಪ್ರಶ್ನಾವಳಿಯ ದೋಷದಂತೆ ಕಾಣುತ್ತದೆ.

ಖಿನ್ನತೆಯನ್ನು ಅಳೆಯಲು ಬಹಳ ಕಡೆ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೇ ನೋಡಬಹುದು. ಇದರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಪ್ರಶ್ನೆಗಳೆಲ್ಲ ಕಳೆದ ಎರಡು ವಾರಗಳ ಕುರಿತಾದವು. ಅಂತರವನ್ನು ಆರಿಸುವಾಗ ಮೊದಲು ಗಮನಿಸಬೇಕಾದದ್ದು ಇದನ್ನೇ. ಎರಡು ದಿನ ಬಿಟ್ಟು ಮತ್ತೆ ಕೇಳಿದರೆ, ಎರಡೂ ಉತ್ತರಗಳಿಗೆ ಹನ್ನೆರಡು ದಿನಗಳು ಸಮಾನ. ಎರಡು ವಾರ ಬಿಟ್ಟರೆ ಒಂದು ದಿನವೂ ಸಮಾನವಲ್ಲ. ಆಗ ಉತ್ತರ ಬೇರೆಯಾದದ್ದು ಮನಸ್ಸು ಬದಲಾಗಿಯೋ, ಪ್ರಶ್ನೆ ಅಸ್ಪಷ್ಟವಾಗಿಯೋ ಎಂದು ಬಿಡಿಸಿ ಹೇಳಲಾಗದು. ಹಾಗೆಂದು ಅಂತರ ತೀರಾ ಕಡಿಮೆಯಾದರೆ ಜನ ಹಿಂದಿನ ಉತ್ತರವನ್ನು ನೆನಪಿಟ್ಟುಕೊಂಡು ಅದನ್ನೇ ಬರೆಯುತ್ತಾರೆ, ಹೊಂದಿಕೆ ಸುಳ್ಳುಸುಳ್ಳೇ ಹೆಚ್ಚುತ್ತದೆ. ನಿಧಾನವಾಗಿ ಬದಲಾಗುವ ವ್ಯಕ್ತಿತ್ವದಂಥ ಗುಣಗಳಿಗೆ ಕೆಲವು ವಾರಗಳ ಅಂತರ ಸಲ್ಲುತ್ತದೆ. ಮನಃಸ್ಥಿತಿಗೆ ಅಷ್ಟು ಸಲ್ಲದು.

2001ರಲ್ಲಿ ಕ್ರೋಂಕೆ, ಸ್ಪಿಟ್ಜರ್ ಮತ್ತು ವಿಲಿಯಮ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು ಚಿಕಿತ್ಸಾಲಯದಲ್ಲಿ ತಾವೇ ಉತ್ತರ ತುಂಬಿದರು. 48 ಗಂಟೆಗಳೊಳಗೆ ಮಾನಸಿಕ ಆರೋಗ್ಯ ತಜ್ಞರು ಅದೇ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳಿದರು. ಸಹಸಂಬಂಧ ಗುಣಾಂಕ 0.84 ಬಂತು. ಕಾಗದ ಹೋಗಿ ಫೋನು ಬಂದದ್ದರ ಪರಿಣಾಮವೂ ಈ ಸಂಖ್ಯೆಯೊಳಗೆ ಸೇರಿದೆ ಎಂಬುದನ್ನು ಓದುವವರು ಮರೆಯಬಾರದು.

ಗುಣಾಂಕ ಹೇಳುವುದು ಯಾರು ಮೇಲೆ, ಯಾರು ಕೆಳಗೆ ಎಂಬ ಕ್ರಮ ಉಳಿಯಿತೇ ಎಂಬುದನ್ನು; ಅಂಕಗಳು ಒಂದೇ ಆಗಿವೆಯೇ ಎಂಬುದನ್ನಲ್ಲ. ನಾಲ್ವರ ಅಂಕ ಮೊದಲು 4, 9, 13, 18 ಇದ್ದು, ಆಮೇಲೆ 7, 12, 16, 21 ಆಯಿತೆನ್ನಿ. ಗುಣಾಂಕ ಪೂರ್ತಿ 1. ಆದರೆ 10 ಅಂಕವನ್ನು ಗಡಿಯಾಗಿ ಇಟ್ಟುಕೊಂಡ ವೈದ್ಯರ ಕಣ್ಣಿಗೆ ಎರಡನೆಯವರು ಗಡಿ ದಾಟಿದ್ದಾರೆ. ಆದ್ದರಿಂದ ಎರಡೂ ಸಲದ ಸರಾಸರಿಯನ್ನು ಹೋಲಿಸಲೇಬೇಕು. ಮೇಲಿನ ಅಧ್ಯಯನದಲ್ಲಿ ಅವು 5.08 ಮತ್ತು 5.03 ಇದ್ದವು. ಈ ಬಗೆಯ ಏರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಐಸಿಸಿ ಎಂಬ ಗುಣಾಂಕವಿದೆ; ಅದನ್ನು ಕೊಡದೆ ಬರಿಯ ಸಹಸಂಬಂಧವನ್ನಷ್ಟೇ ಕೊಟ್ಟ ವರದಿ ಅರ್ಧ ವರದಿ.

0.84 ಒಳ್ಳೆಯ ಸಂಖ್ಯೆಯೇ. ಆದರೂ ಅದು ಗುಂಪಿನ ಮಾತು. ಅಂಕಗಳ ಪ್ರಮಾಣಿತ ವಿಚಲನೆ 5 ಎಂದಿಟ್ಟುಕೊಂಡರೆ, 1ರಿಂದ 0.84 ಕಳೆದಾಗ ಉಳಿಯುವ 0.16ರ ವರ್ಗಮೂಲ 0.4, ಅದನ್ನು 5ರಿಂದ ಗುಣಿಸಿದರೆ ಅಳತೆಯ ದೋಷ 2 ಅಂಕ. ಎರಡು ಸಲದ ಅಳತೆಯಲ್ಲೂ ಈ ದೋಷ ಇರುವುದರಿಂದ, ಅಂಕಗಳು ಸುಮಾರು ಐದೂವರೆಯವರೆಗೆ ತಾವಾಗಿಯೇ ಏರುಪೇರಾಗಬಹುದು. ಒಬ್ಬ ರೋಗಿಯ ಅಂಕ 14ರಿಂದ 11ಕ್ಕೆ ಇಳಿದರೆ, ಅಷ್ಟರಿಂದಲೇ ಅವರು ಸುಧಾರಿಸಿದ್ದಾರೆ ಎನ್ನಲಾಗದು.