ತಲೆಮಾರು ದಾಟಿದಂತೆ ಉದ್ದವಾಗುವ ಜೀನು

ಹುಟ್ಟಿದ ಕೂಸಿನ ಕೈಕಾಲು ಜೋಲುಬಿದ್ದಿವೆ, ಹಾಲು ಚೀಪುವ ಶಕ್ತಿಯಿಲ್ಲ, ಉಸಿರಿಗೂ ಯಂತ್ರದ ಆಸರೆ ಬೇಕು. ಇಂಥಲ್ಲಿ ಅನುಭವಿ ವೈದ್ಯರು ತಾಯಿಯ ಕೈಯನ್ನೂ ನೋಡುತ್ತಾರೆ. ‘ಮುಷ್ಟಿ ಬಿಗಿಹಿಡಿದು ತಟ್ಟನೆ ಬಿಡಮ್ಮ’ ಎಂದರೆ ಆಕೆಯ ಬೆರಳುಗಳು ತಟ್ಟನೆ ಬಿಚ್ಚುವುದಿಲ್ಲ, ಕೆಲವು ಕ್ಷಣ ಹಿಡಿದುಕೊಂಡು ಮೆಲ್ಲಗೆ ಸಡಿಲವಾಗುತ್ತವೆ. ಚಳಿಯಲ್ಲಿ ಇದು ಇನ್ನೂ ಹೆಚ್ಚು. ಆಕೆಯ ತಂದೆಗೆ ಐವತ್ತರ ಆಸುಪಾಸಿನಲ್ಲಿ ಕಣ್ಣಿನ ಪೊರೆ ತೆಗೆಸಿದ್ದು ಬಿಟ್ಟರೆ ಬೇರೇನೂ ತೊಂದರೆ ಕಂಡಿರುವುದಿಲ್ಲ. ಮೂವರದೂ ಒಂದೇ ಕಾಯಿಲೆ, ಮಯೋಟಾನಿಕ್ ಡಿಸ್ಟ್ರೋಫಿಯ ಮೊದಲ ಬಗೆ.

ಅಜ್ಜ, ಮಗಳು, ಮೊಮ್ಮಗು ಎಂಬ ಈ ಏರುಕ್ರಮವನ್ನು ಜರ್ಮನಿಯ ನೇತ್ರವೈದ್ಯ ಬ್ರೂನೋ ಫ್ಲೈಷರ್ 1918ರಲ್ಲೇ ಗುರುತಿಸಿದ್ದರು. 1948ರಲ್ಲಿ ಲಂಡನ್ನಿನ ತಳಿವಿಜ್ಞಾನಿ ಲಯನೆಲ್ ಪೆನ್‌ರೋಸ್ ಅದನ್ನು ಒಪ್ಪಲಿಲ್ಲ. ಕಾಯಿಲೆ ಸೌಮ್ಯವಾಗಿದ್ದವರಿಗಷ್ಟೇ ಮಕ್ಕಳಾಗುತ್ತವೆ, ಅದು ತೀವ್ರವಾದ ಮಕ್ಕಳೇ ಆಸ್ಪತ್ರೆಗೆ ಬರುತ್ತಾರೆ, ಹಾಗಾಗಿ ಏರಿದಂತೆ ಕಾಣುತ್ತದೆ ಎಂಬುದು ಅವರ ವಾದ. ವಾದ ಎಷ್ಟು ಬಿಗಿಯಾಗಿತ್ತೆಂದರೆ, ಕುಟುಂಬಗಳು ಕಣ್ಣಾರೆ ಕಾಣುತ್ತಿದ್ದುದನ್ನು ವಿಜ್ಞಾನ ದಶಕಗಳ ಕಾಲ ಭ್ರಮೆಯೆಂದೇ ಎಣಿಸಿತು. ನನಗಂತೂ ಈ ಕಾಯಿಲೆಯ ಇತಿಹಾಸದಲ್ಲಿ ಅತ್ಯಂತ ನೋವಿನ ಸಂಗತಿ ಇದು.

1992ರಲ್ಲಿ ಉತ್ತರ ಸಿಕ್ಕಿತು. 19ನೇ ಕ್ರೋಮೋಸೋಮಿನ ಡಿಎಂಪಿಕೆ ಎಂಬ ಜೀನಿನ ಕೊನೆಯ ಭಾಗದಲ್ಲಿ ಸಿ, ಟಿ, ಜಿ ಎಂಬ ಮೂರಕ್ಷರ ಸಾಲಾಗಿ ಮರುಕಳಿಸುತ್ತವೆ. ಸಾಮಾನ್ಯರಲ್ಲಿ 5ರಿಂದ ಸುಮಾರು 35 ಸಲ. ಅದು 50 ದಾಟಿದರೆ ಕಾಯಿಲೆ. ಸಾಲು ಉದ್ದವಾದಷ್ಟೂ ಡಿಎನ್ಎ ಪ್ರತಿಯಾಗುವಾಗ, ದುರಸ್ತಿಯಾಗುವಾಗ ಎಳೆ ಜಾರಿ ಮಡಚಿಕೊಳ್ಳುತ್ತದೆ, ಆ ಮಡಿಕೆ ಹೆಚ್ಚುವರಿ ಅಕ್ಷರಗಳಾಗಿ ಉಳಿದುಬಿಡುತ್ತದೆ. ನಮ್ಮ ಕುಟುಂಬದಲ್ಲಿ ಅಜ್ಜನಿಗೆ 80 ಎಂದಿಟ್ಟುಕೊಳ್ಳಿ, ಮಗಳಿಗೆ 500 ಆಗಬಹುದು, ಮೊಮ್ಮಗುವಿಗೆ ಸಾವಿರ ಮೀರಬಹುದು. ಹುಟ್ಟುವಾಗಲೇ ಕಾಣುವ ಈ ತೀವ್ರ ರೂಪ ಬಹುತೇಕ ತಾಯಿಯ ಕಡೆಯಿಂದಲೇ ಬರುತ್ತದೆ. ಹಂಟಿಂಗ್‌ಟನ್ ಕಾಯಿಲೆಯಲ್ಲಿ ಇದಕ್ಕೆ ತಿರುವುಮುರುವು, ಅಲ್ಲಿ ದೊಡ್ಡ ಜಿಗಿತ ಸಾಮಾನ್ಯವಾಗಿ ತಂದೆಯಿಂದ.

ಕೆಡುಕು ಮಾಡುವುದು ಆ ಜೀನಿನಿಂದ ತಯಾರಾಗುವ ಉದ್ದನೆಯ ಆರ್‌ಎನ್‌ಎ. ಅದು ಜೀವಕೋಶದ ಕೇಂದ್ರದಲ್ಲೇ ಗಂಟುಕಟ್ಟಿಕೊಂಡು, ಬೇರೆ ಜೀನುಗಳ ಸಂದೇಶವನ್ನು ಒಪ್ಪವಾಗಿ ಜೋಡಿಸುವ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ನಾಯುವಿನ ಕ್ಲೋರೈಡ್ ದ್ವಾರ ಕೆಟ್ಟರೆ ಮುಷ್ಟಿ ಬಿಚ್ಚುವುದು ತಡವಾಗುತ್ತದೆ. ಹೃದಯ, ಕಣ್ಣು, ಮೆದುಳು ಒಂದೇ ಕಾಯಿಲೆಗೆ ಸಿಲುಕುವುದೂ ಇದರಿಂದಲೇ.

ಪರೀಕ್ಷೆಯಲ್ಲಿ ಎಡವುವುದು ಸುಲಭ. ಜೀನುಗಳನ್ನು ಒಟ್ಟಿಗೇ ಓದುವ ಮಾಮೂಲಿ ಎಕ್ಸೋಮ್ ಪರೀಕ್ಷೆ ಇಷ್ಟು ಉದ್ದದ ಮರುಕಳಿಕೆಯನ್ನು ಹಿಡಿಯದೆ ‘ದೋಷವಿಲ್ಲ’ ಎಂದು ವರದಿ ಕೊಡಬಹುದು. ಇದಕ್ಕೆಂದೇ ಇರುವ ಪಿಸಿಆರ್ ಅಥವಾ ಸದರ್ನ್ ಬ್ಲಾಟ್ ಕೇಳಿ ಮಾಡಿಸಬೇಕು. ಮರುಕಳಿಕೆ ವಯಸ್ಸಿನೊಂದಿಗೆ ದೇಹದೊಳಗೂ ಬೆಳೆಯುತ್ತದೆ, ಸ್ನಾಯುವಿನಲ್ಲಿ ರಕ್ತಕ್ಕಿಂತ ಬಹಳ ಹೆಚ್ಚು. ಆದ್ದರಿಂದ ರಕ್ತದ ಸಂಖ್ಯೆ ನೋಡಿ ಒಬ್ಬರ ಭವಿಷ್ಯವನ್ನು ಕರಾರುವಾಕ್ಕಾಗಿ ಹೇಳಲಾಗದು.

ಕಾಯಿಲೆ ಇರುವವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಲಕ್ಷಣ ಸೌಮ್ಯವಾಗಿರುವವರಿಗೂ ವರ್ಷಕ್ಕೊಮ್ಮೆ ಇಸಿಜಿ ಬೇಕು, ಏಕೆಂದರೆ ಹೃದಯ ಬಡಿತದ ವಿದ್ಯುತ್ ಹಾದಿ ಸದ್ದಿಲ್ಲದೆ ಕೆಡುತ್ತಿರಬಹುದು. ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಕಾಯಿಲೆಯ ಹೆಸರು ತಿಳಿಸಲೇಬೇಕು. ಮತ್ತು ಬರಿಸುವ ಔಷಧಗಳು ಇವರ ಉಸಿರನ್ನು ಬೇರೆಯವರಿಗಿಂತ ಹೆಚ್ಚು ಹೊತ್ತು ಕುಗ್ಗಿಸುತ್ತವೆ.