ಬ್ರೇಕ್ ಇನ್‌ಸ್ಪೆಕ್ಟರರ ನಾಲ್ಕು ಸ್ಲೈಡುಗಳು

ಆರ್‌ಟಿಓ ಕಚೇರಿಯ ಮೋಟಾರು ವಾಹನ ನಿರೀಕ್ಷಕರನ್ನು ನಮ್ಮ ಕಡೆ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಎಂದರೇನೇ ಜನಕ್ಕೆ ಗೊತ್ತಾಗುವುದು. ಆ ಕೆಲಸದಿಂದ ನಿವೃತ್ತರಾದ ಗೆಳೆಯರೊಬ್ಬರು ಈಗ ಕರೆದ ಕಾಲೇಜುಗಳಿಗೆಲ್ಲ ಹೋಗಿ ಬೈಕು, ಸ್ಕೂಟರು ಓಡಿಸುವ ಹುಡುಗ ಹುಡುಗಿಯರಿಗೆ ಸ್ಲೈಡು ತೋರಿಸುತ್ತಾರೆ. ಕಳೆದ ತಿಂಗಳು ಹಾಸನದ ಒಂದು ಪದವಿ ಕಾಲೇಜಿಗೆ ಹೋಗುವಾಗ ನನ್ನನ್ನೂ ಕರೆದೊಯ್ದಿದ್ದರು.

ಅವರ ಸ್ಲೈಡುಗಳ ಕ್ರಮ ಸರಳ. ಎಡಗಡೆ ಒಂದು ಅಭ್ಯಾಸ, ಬಲಗಡೆ ಆ ಅಭ್ಯಾಸ ಇಲ್ಲದಿದ್ದರೆ ಆಗುವುದೇನು ಎಂಬುದು. ದಂಡದ ಮೊತ್ತ ಎಲ್ಲೂ ಇಲ್ಲ. ‘ದಂಡ ಹೇಳಿದರೆ ಪೊಲೀಸರು ಎಲ್ಲಿ ನಿಂತಿರ್ತಾರೆ ಅನ್ನೋದಷ್ಟೇ ಕಲೀತಾರೆ’ ಎನ್ನುವುದು ಅವರ ಅನುಭವ. ಅಂಕಿ ಅಂಶವೂ ಒಂದೇ ಒಂದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ನೂರರಲ್ಲಿ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅದನ್ನು ಓದಿ ಹೇಳಿ, ಮುಂದಿನ ಸ್ಲೈಡಿಗೆ ಹೋಗಿಬಿಟ್ಟರು.

ಮೊದಲನೆಯದು ಹೆಲ್ಮೆಟ್ಟಿನ ಬಗ್ಗೆ ಅಲ್ಲ, ಅದರ ಪಟ್ಟಿಯ ಬಗ್ಗೆ. ಹೆಲ್ಮೆಟ್ ಹಾಕಿ ಬಂದವರು ಕೈ ಎತ್ತಿ ಎಂದರು. ಅರ್ಧಕ್ಕಿಂತ ಹೆಚ್ಚು ಕೈ ಎದ್ದವು. ಗಲ್ಲದ ಕೆಳಗೆ ಬಕಲ್ ಹಾಕಿಕೊಂಡು ಬಂದವರು ಮಾತ್ರ ಇಟ್ಟುಕೊಳ್ಳಿ ಎಂದಾಗ ಬಹಳಷ್ಟು ಕೈ ಇಳಿದವು, ನಗುವೂ ಎದ್ದಿತು. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಕು ಎನ್ನುವುದಿಲ್ಲ, ಪಟ್ಟಿಯಿಂದ ಭದ್ರವಾಗಿ ಕಟ್ಟಿರಬೇಕು ಎನ್ನುತ್ತದೆ. ಕಾರಣ ಇಷ್ಟೇ: ಅಪಘಾತದಲ್ಲಿ ತಲೆಗೆ ಒಂದೇ ಏಟು ಬೀಳುವುದಿಲ್ಲ. ಮೊದಲು ಕಾರಿನ ಬಾನೆಟ್ಟಿಗೋ ಆಟೋದ ಕಂಬಿಗೋ ಬಡಿಯುತ್ತದೆ, ಆಮೇಲೆ ಟಾರಿಗೆ. ಪಟ್ಟಿ ಬಿಗಿಯದ ಹೆಲ್ಮೆಟ್ ಮೊದಲ ಏಟಿಗೇ ಹಾರಿಹೋಗಿ, ಎರಡನೆಯದಕ್ಕೆ ತಲೆ ಬರಿದಾಗಿರುತ್ತದೆ.

‘ನಾನು ನಿಧಾನವಾಗೇ ಓಡಿಸ್ತೀನಲ್ಲ ಸಾರ್’ ಎಂದ ಒಬ್ಬ ಹುಡುಗ. ಅದಕ್ಕೆ ಅವರು ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ಸ್ಕೂಟರಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರು ಮೇಲಿರುತ್ತದೆ. ನಿಂತ ಗಾಡಿಯಿಂದ ಪಕ್ಕಕ್ಕೆ ವಾಲಿ ಬಿದ್ದರೂ ಆ ಎತ್ತರದಿಂದ ತಲೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಹತ್ತಿರ ಇರುತ್ತದೆ. ಗಾಡಿಯ ವೇಗ ಸೊನ್ನೆ ಇದ್ದರೂ ಬೀಳುವ ವೇಗ ಸೊನ್ನೆಯಲ್ಲ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಪದರ ಆ ಏಟಿಗೆ ತಾನು ನಜ್ಜುಗುಜ್ಜಾಗಿ, ತಲೆ ಒಂದೆರಡು ಸೆಂಟಿಮೀಟರಿನಷ್ಟು ದೂರದಲ್ಲಿ ಮೆತ್ತಗೆ ನಿಲ್ಲುವಂತೆ ಮಾಡುತ್ತದೆ. ಬರೀ ತಲೆಯಾದರೆ ಅದು ಕೆಲವೇ ಮಿಲಿಮೀಟರಿನಲ್ಲಿ ನಿಲ್ಲಬೇಕು. ಹಾಗಾಗಿ ರಸ್ತೆ ಬದಿಯ ಟೋಪಿ ಹೆಲ್ಮೆಟ್ ಕೊಳ್ಳುವ ಮುಂಚೆ ಒಳಗೆ ಬೆರಳು ಒತ್ತಿ ನೋಡಬೇಕು. ಬಟ್ಟೆ, ಸ್ಪಂಜು ದಾಟಿದ ಮೇಲೆ ಸೀದಾ ಪ್ಲಾಸ್ಟಿಕ್ಕೇ ಸಿಕ್ಕಿದರೆ ಅದು ಪೊಲೀಸರಿಗೆ ತೋರಿಸಲು ಮಾತ್ರ. ಥರ್ಮಾಕೋಲ್ ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ದೊಡ್ಡ ಏಟು ತಿಂದ ಹೆಲ್ಮೆಟ್ಟನ್ನು ಹೊರಗೆ ಚೆನ್ನಾಗಿ ಕಂಡರೂ ಬಿಸಾಡಬೇಕು.

ಪಟ್ಟಿ ಸರಿಯಿದೆಯೇ ಎಂದು ನೋಡಲು ಅವರದೊಂದು ಪರೀಕ್ಷೆ ಇದೆ. ಬಕಲ್ ಹಾಕಿದ ಮೇಲೆ ಗಲ್ಲಕ್ಕೂ ಪಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಆಮೇಲೆ ಹಿಂದಿನ ಅಂಚಿಗೆ ಕೈ ಹಾಕಿ ಹೆಲ್ಮೆಟ್ಟನ್ನು ಮೇಲಕ್ಕೆ, ಮುಂದಕ್ಕೆ ಎಳೆಯಬೇಕು. ಅದು ಮುಖದ ಮೇಲೆ ಮಗುಚಿಕೊಂಡು ಬಂದರೆ, ಬಿದ್ದಾಗಲೂ ಹಾಗೆಯೇ ಬರುತ್ತದೆ.

ಎರಡನೆಯ ಸ್ಲೈಡಿನ ಎಡಗಡೆ ‘ಎರಡೂ ಬ್ರೇಕ್’ ಎಂದಷ್ಟೇ ಬರೆದಿತ್ತು. ಇದರ ಮೇಲೆ ಅವರು ಅರ್ಧ ಗಂಟೆ ಕಳೆದರು. ಬ್ರೇಕ್ ಇನ್‌ಸ್ಪೆಕ್ಟರ್ ಅಲ್ಲವೇ!

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂಬ ಭಯ ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬಂದಿದೆ. ನನಗೂ ನಮ್ಮಪ್ಪ ಹಾಗೆಯೇ ಹೇಳಿಕೊಟ್ಟಿದ್ದು. ಆದರೆ ಬ್ರೇಕ್ ಬಿದ್ದ ಕೂಡಲೇ ಏನಾಗುತ್ತದೆ ಎಂದು ಬಸ್ಸಿನಲ್ಲಿ ನಿಂತವರಿಗೆಲ್ಲ ಗೊತ್ತು: ಮೈಯೆಲ್ಲ ಮುಂದಕ್ಕೆ ಹೋಗುತ್ತದೆ. ಗಾಡಿಯ ಭಾರವೂ ಹಾಗೆಯೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಭಾರ ಇರುವ ಚಕ್ರವೇ ರಸ್ತೆಯನ್ನು ಕಚ್ಚುವುದು. ಹಗುರಾದ ಹಿಂದಿನ ಚಕ್ರವನ್ನು ಎಷ್ಟು ಒತ್ತಿ ಹಿಡಿದರೂ ಅದು ತಿರುಗುವುದನ್ನು ನಿಲ್ಲಿಸಿ ಸರ್ರನೆ ಜಾರುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ.

ಅವರು ಮಾಡಿ ತೋರಿಸಿದ ಲೆಕ್ಕ ಹೀಗಿದೆ. ಐವತ್ತರ ವೇಗದಲ್ಲಿ ಹೋಗುತ್ತಿದ್ದೀರಿ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಮೂವತ್ತು ಮೀಟರು ಮುಂದೆ ಆಟೋ ಒಂದು ಗಕ್ಕನೆ ಅಡ್ಡ ನಿಂತಿತು. ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. 14 ಮೀಟರು ಮುಗಿದೇ ಹೋಯಿತು. ಉಳಿದದ್ದು 16 ಮೀಟರು. ಒಣ ಟಾರು ರಸ್ತೆಯಲ್ಲಿ ಎರಡೂ ಬ್ರೇಕ್ ಸರಿಯಾಗಿ ಹಿಡಿದವನಿಗೆ ನಿಲ್ಲಲು ಹೆಚ್ಚುಕಮ್ಮಿ ಅಷ್ಟೇ ಬೇಕು. ಆಟೋದ ಹಿಂದಿನ ರೇಕಿಗೆ ಮೂಗು ತಾಗುವಂತೆ ನಿಲ್ಲುತ್ತಾನೆ, ಆಟೋದವನಿಗೆ ನಾಲ್ಕು ಮಾತು ಬೈದು ಮುಂದೆ ಹೋಗುತ್ತಾನೆ. ಹಿಂದಿನ ಬ್ರೇಕ್ ಒಂದನ್ನೇ ಒತ್ತಿದವನಿಗೆ ಸಿಗುವ ಹಿಡಿತ ಅದರ ಅರ್ಧದಷ್ಟು; ಅವನಿಗೆ 32 ಮೀಟರು ಬೇಕು. ಆಟೋ ಸಿಕ್ಕಿದಾಗ ಅವನ ವೇಗ ಎಷ್ಟಿರುತ್ತದೆ? ಹುಡುಗರು ಹತ್ತು, ಹದಿನೈದು ಎಂದು ಕೂಗಿದರು. ಉತ್ತರ ಮೂವತ್ತೈದು. ವೇಗ ಇಳಿಯುವುದು ಬಹುಪಾಲು ಕೊನೆಯ ಕೆಲವು ಮೀಟರುಗಳಲ್ಲಿ, ಅವನಿಗೆ ಸಿಗದೆ ಹೋದದ್ದು ಆ ಮೀಟರುಗಳೇ.

ಹಾಗಂತ ಅಪ್ಪಂದಿರ ಭಯ ಪೂರ್ತಿ ಸುಳ್ಳಲ್ಲ. ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ, ಭಾರ ಮುಂದಕ್ಕೆ ಬರುವ ಮುಂಚೆಯೇ ಚಕ್ರ ನಿಂತು ಜಾರುತ್ತದೆ. ತಿರುವಿನಲ್ಲಿ ಗಾಡಿ ವಾಲಿದ್ದಾಗ, ಮರಳು ಜಲ್ಲಿಯ ಮೇಲೆ, ಮೊದಲ ಮಳೆಗೆ ಎಣ್ಣೆ ಧೂಳು ಕಲಸಿ ಜಾರುವ ರಸ್ತೆಯಲ್ಲಿ ಹಾಗೆ ಹಿಡಿದರೆ ಬೀಳುವುದು ಖಂಡಿತ. ಆದ್ದರಿಂದ ಲಿವರನ್ನು ನಿಂಬೆಹಣ್ಣು ಹಿಂಡುವ ಹಾಗೆ ಹಿಡಿಯಬೇಕು, ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ. ಖಾಲಿ ಮೈದಾನದಲ್ಲಿ ಇಪ್ಪತ್ತರ ವೇಗದಲ್ಲಿ ಹತ್ತಿಪ್ಪತ್ತು ಸಲ ಮಾಡಿದರೆ ಕೈಗೆ ಹದ ಬರುತ್ತದೆ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಯೊಳಗಿನ ಹೊಸ ಗಾಡಿಗಳಲ್ಲಿ ಎಬಿಎಸ್ ಇಲ್ಲವೇ ಒಂದು ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ಸಿಬಿಎಸ್ ಇರಲೇಬೇಕು. ಆದರೆ ಸಿಬಿಎಸ್ ಇರುವ ಸ್ಕೂಟರಿನಲ್ಲೂ ಎಡಗೈ ಲಿವರ್ ಮುಂದಿನ ಬ್ರೇಕನ್ನು ಸ್ವಲ್ಪವಷ್ಟೇ ಎಳೆಯುತ್ತದೆ, ಪೂರ್ತಿ ಹಿಡಿತ ಬೇಕಾದರೆ ಬಲಗೈಯೂ ಕೆಲಸ ಮಾಡಬೇಕು.

ಮೂರನೆಯದು ಸೆರಗು ಮತ್ತು ವೇಲಿನ ಸ್ಲೈಡು. ಹಿಂದೆ ಕೂರುವವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಹೊಸ ಬೈಕು ಮನೆಗೆ ಬಂದ ವಾರದಲ್ಲಿ ಹುಡುಗರು ಮೊದಲು ಬಿಚ್ಚಿಸುವುದೂ ಅದನ್ನೇ, ಅಂದ ಕೆಡಿಸುತ್ತದೆ ಎಂದು. ಅದೇ ಬೈಕಿನಲ್ಲಿ ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ನಲವತ್ತರ ವೇಗದಲ್ಲಿ ಬೈಕಿನ ಚಕ್ರ ಸೆಕೆಂಡಿಗೆ ಆರು ಸುತ್ತಿನಷ್ಟು ತಿರುಗುತ್ತದೆ. ಬಟ್ಟೆಯ ತುದಿ ಚಕ್ರದ ನಡುವಿನ ಹಬ್ಬಿಗೆ ಸುತ್ತಿಕೊಂಡರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿನಷ್ಟು ಬಟ್ಟೆ ಒಳಗೆ ಹೋಗಿರುತ್ತದೆ. ಉಟ್ಟವರು ಕೂಗುವುದರೊಳಗೆ, ಓಡಿಸುವವನು ಬ್ರೇಕ್ ಹಿಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಸೆರಗಾದರೆ ಕೆಳಗೆ ಎಳೆದು ಬೀಳಿಸುತ್ತದೆ, ಕುತ್ತಿಗೆಗೆ ಸುತ್ತಿದ ವೇಲಾದರೆ ಉರುಳಾಗುತ್ತದೆ.

‘ನಾವು ವೇಲ್ ಹಿಂದೆ ಗಂಟು ಹಾಕ್ಕೋತೀವಿ ಸಾರ್’ ಎಂದಳು ಮುಂದಿನ ಸಾಲಿನ ಹುಡುಗಿ.

‘ನೋಡಮ್ಮ, ಗಂಟು ಹಾಕಿದ ಮೇಲೆ ತುದಿ ಎಲ್ಲಿ ನೇತಾಡ್ತದೆ?’

ಅವಳು ಬೆನ್ನ ಹಿಂದೆ ಕೈ ಹಾಕಿ ನೋಡಿಕೊಂಡಳು. ಸೊಂಟದ ಕೆಳಗೆ ಒಂದು ಮೊಳ ಇತ್ತು. ತುದಿಯನ್ನು ಜಾಕೆಟ್ಟಿನೊಳಗೆ ಸೇರಿಸಿ, ಇಲ್ಲವೇ ತೆಗೆದು ಬ್ಯಾಗಿಗೆ ಹಾಕಿ ಎಂದರು. ಸೆರಗಿಗೆ ಅವರ ಉಪಾಯ, ಕೂತ ಮೇಲೆ ಮಡಿಲಿಗೆ ತಂದು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುವುದು. ಓಡಿಸುವವನು ಹೊರಡುವ ಮುಂಚೆ ಒಮ್ಮೆ ಹಿಂದಿರುಗಿ ಚಕ್ರ ನೋಡುವುದು.

ಕೊನೆಯ ಸ್ಲೈಡು ಲಾರಿಯ ಎಡಗಡೆಯದು. ಲಾರಿ ಅಥವಾ ಬಸ್ಸು ಎಡಕ್ಕೆ ತಿರುಗುವ ಮುಂಚೆ ಚಾಲಕ ಅದನ್ನು ಸ್ವಲ್ಪ ಬಲಕ್ಕೆ ತರುತ್ತಾನೆ, ಇಲ್ಲದಿದ್ದರೆ ಅಷ್ಟುದ್ದದ ಗಾಡಿ ತಿರುಗುವುದಿಲ್ಲ. ಆಗ ಎಡಕ್ಕೆ ಜಾಗ ಬಿಡುತ್ತದೆ. ನಮ್ಮವರಿಗೆ ಜಾಗ ಕಂಡರೆ ಸಾಕಲ್ಲ! ನುಗ್ಗಿದ ಬೈಕಿನವನಿಗೆ ಗೊತ್ತಿಲ್ಲದ ವಿಷಯ ಎರಡು. ಚಾಲಕ ಬಲಗಡೆ ಎತ್ತರದಲ್ಲಿ ಕೂತಿರುತ್ತಾನೆ, ಎಡಬಾಗಿಲಿನ ಕೆಳಗಿರುವ ಬೈಕು ಅವನಿಗೆ ಕಾಣುವುದು ಕಷ್ಟ. ಮತ್ತೆ, ಉದ್ದನೆಯ ಗಾಡಿಯ ಹಿಂಚಕ್ರಗಳು ಮುಂಚಕ್ರ ಹೋದ ದಾರಿಯಲ್ಲೇ ಹೋಗುವುದಿಲ್ಲ, ಒಳಕ್ಕೆ ಕೊಯ್ದುಕೊಂಡು ಬರುತ್ತವೆ. ಮುಂಚಕ್ರ ದಾಟಿ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡವನ ಮೇಲೆ ಹಿಂಚಕ್ರ ಬರುತ್ತದೆ. ಇಲ್ಲಿ ಹೆಲ್ಮೆಟ್ಟೂ ಕಾಪಾಡುವುದಿಲ್ಲ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಕಾಣುವಷ್ಟು ಹಿಂದೆ ಉಳಿಯಿರಿ ಎಂದು ಹೇಳಿ ಪ್ರೊಜೆಕ್ಟರ್ ಆರಿಸಿದರು.

ಹೊರಗೆ ಬಂದು ನನ್ನ ಸ್ಕೂಟರಿನ ಹತ್ತಿರ ನಿಂತಾಗ ಅವರು ಅಭ್ಯಾಸಬಲದಿಂದ ಬಲಗಡೆಯ ಲಿವರ್ ಒತ್ತಿ ನೋಡಿದರು. ಅದು ಅಲುಗಲಿಲ್ಲ. ಎರಡೂ ಕೈ ಹಾಕಿ ಒತ್ತಿದ ಮೇಲೆ ಕಿರ್ರೆಂದಿತು. ನನ್ನದು 2014ರ ಗಾಡಿ, ಸಿಬಿಎಸ್ ಇಲ್ಲದ್ದು. ಅವರು ಏನೂ ಹೇಳಲಿಲ್ಲ, ಸೀದಾ ಅವರ ಪರಿಚಯದ ಮೆಕ್ಯಾನಿಕ್ ಹತ್ತಿರ ಕರೆದೊಯ್ದರು. ಕೇಬಲ್ ಒಳಗೆಲ್ಲ ತುಕ್ಕು ಹಿಡಿದಿತ್ತು. ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ, ಬ್ರೇಕ್ ಶೂ ಹೊರಗೆ ತೆಗೆದು ಬೆಳಕಿಗೆ ಹಿಡಿದ. ‘ಹಿಂದಿನದನ್ನ ಎಷ್ಟು ಸಲ ಬದಲಾಯಿಸಿದೀರ ಸಾರ್?’ ಎಂದು ಕೇಳಿದ. ಮೂರು ಸಲ ಎಂದೆ.

‘ಇದು ಕಂಪನಿಯಿಂದ ಬಂದಿದ್ದೇ ಸಾರ್, ಇನ್ನೂ ಹೊಸದಾಗೇ ಇದೆ’ ಎಂದ.